ತೊಗರಿಗೆ ಸುಂಕವೋ, ಕೋಟಾವೋ: ನಡುವಿನ ಹತ್ತು ರೂಪಾಯಿ ಯಾರ ಜೇಬಿಗೆ?

2017ರ ಶುರುವಿನಲ್ಲಿ ಕಲಬುರಗಿಯ ಗಂಜ್‌ಗೆ ತೊಗರಿ ಬಂದು ಬೀಳುತ್ತಿತ್ತು. ಅದಕ್ಕೂ ಮುಂಚೆ, 2015ರ ಕೊನೆಯಲ್ಲಿ, ಅಂಗಡಿಗಳಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು. ಅದನ್ನು ನೋಡಿದ ರೈತರು ಸಿಕ್ಕ ಹೊಲಕ್ಕೆಲ್ಲ ತೊಗರಿ ಹಾಕಿದರು. ಮಳೆಯೂ ಕೈ ಹಿಡಿಯಿತು. 2015-16ರಲ್ಲಿ ದೇಶದಲ್ಲಿ ಸುಮಾರು 25 ಲಕ್ಷ ಟನ್ ಇದ್ದ ತೊಗರಿ, ಮರುವರ್ಷವೇ 48 ಲಕ್ಷ ಟನ್ ದಾಟಿತು. ಬೋನಸ್ ಸೇರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ. ಮಾರುಕಟ್ಟೆಯಲ್ಲಿ ಅಷ್ಟು ಕೊಡುವವರೇ ಇರಲಿಲ್ಲ. ಇಷ್ಟರ ಮೇಲೆ ಮ್ಯಾನ್ಮಾರ್‌ನಿಂದ, ಆಫ್ರಿಕಾದ ಪೂರ್ವ ಕರಾವಳಿಯಿಂದ ಹಡಗುಗಳು ಬರುತ್ತಲೇ ಇದ್ದವು.

ಕೇಂದ್ರ ಸರ್ಕಾರ ಮಾರ್ಚ್‌ನಲ್ಲಿ ತೊಗರಿ ಆಮದಿನ ಮೇಲೆ ಶೇ 10 ಸುಂಕ ಹಾಕಿತು. ಅದರಿಂದ ಏನೂ ಆಗಲಿಲ್ಲ ಎನಿಸಿ ಆಗಸ್ಟ್‌ನಲ್ಲಿ ಕೋಟಾ ತಂದಿತು: ವರ್ಷಕ್ಕೆ 2 ಲಕ್ಷ ಟನ್, ಅದಕ್ಕಿಂತ ಹೆಚ್ಚು ತರುವಂತಿಲ್ಲ. ಹೀಗೆ ಐದೇ ತಿಂಗಳಲ್ಲಿ ಒಂದೇ ಕಾಳಿನ ಮೇಲೆ ಎರಡು ಬೇರೆ ಬೇರೆ ಆಯುಧಗಳ ಪ್ರಯೋಗ ಆಯಿತು. ಸುದ್ದಿಯಲ್ಲಿ ಎರಡಕ್ಕೂ ಒಂದೇ ತಲೆಬರಹ: 'ಆಮದಿಗೆ ಕಡಿವಾಣ'. ಆದರೆ ದುಡ್ಡು ಹರಿಯುವ ದಾರಿ ಎರಡರಲ್ಲಿ ಒಂದೇ ಅಲ್ಲ. ಅದನ್ನು ಒಂದು ಲೆಕ್ಕ ಹಾಕಿಯೇ ನೋಡಬೇಕು.

ಲೆಕ್ಕಕ್ಕೆ ನಾನೇ ಸಲೀಸಾದ ಅಂಕಿಗಳನ್ನು ಇಟ್ಟುಕೊಳ್ಳುತ್ತೇನೆ. ಇವು ಯಾವ ವರ್ಷದ ನಿಜ ಅಂಕಿಗಳೂ ಅಲ್ಲ, ತೊಗರಿ ಮಾರುಕಟ್ಟೆಯ ಗಾತ್ರಕ್ಕೆ ಹತ್ತಿರ ಇರಲಿ ಎಂದು ಆರಿಸಿಕೊಂಡವು. ಬಂದರಿಗೆ ಬಂದು ಇಳಿದ ವಿದೇಶಿ ತೊಗರಿಯ ಬೆಲೆ ಕಿಲೋಗೆ 60 ರೂಪಾಯಿ. ಯಾವ ತಡೆಯೂ ಇಲ್ಲದಿದ್ದರೆ ಗಂಜ್‌ನಲ್ಲೂ ಅದೇ 60. ಆ ಬೆಲೆಗೆ ದೇಶಕ್ಕೆ 44 ಲಕ್ಷ ಟನ್ ಬೇಕು, ನಮ್ಮ ರೈತರು ಬೆಳೆಯುವುದು 32 ಲಕ್ಷ ಟನ್, ಉಳಿದ 12 ಲಕ್ಷ ಹೊರಗಿನಿಂದ ಬರುತ್ತದೆ.

ಈಗ ಕಿಲೋಗೆ 10 ರೂಪಾಯಿ ಸುಂಕ ಹಾಕೋಣ. ವಿದೇಶಿ ಮಾಲು 70ಕ್ಕೆ ಬೀಳುತ್ತದೆ. ಹಾಗಾದಮೇಲೆ ನಮ್ಮ ಮಾಲನ್ನೂ ಯಾರೂ 60ಕ್ಕೆ ಕೊಡುವುದಿಲ್ಲ, ಅದೂ 70 ಆಗುತ್ತದೆ. ಬಹಳ ಜನ ಮರೆಯುವುದು ಇದನ್ನೇ. ಸುಂಕ ಬೀಳುವುದು ಹಡಗಿನಲ್ಲಿ ಬಂದ ಮಾಲಿನ ಮೇಲೆ ಮಾತ್ರ, ಬೆಲೆ ಏರುವುದು ಊರಲ್ಲಿರುವ ಅಷ್ಟೂ ಮಾಲಿಗೆ. 70 ರೂಪಾಯಿಗೆ ಜನ ಕೊಳ್ಳುವುದು 42 ಲಕ್ಷ ಟನ್‌ಗೆ ಇಳಿಯುತ್ತದೆ. ಮುಂದಿನ ಹಂಗಾಮಿಗೆ ರೈತರು 36 ಲಕ್ಷ ಟನ್ ಬೆಳೆಯುತ್ತಾರೆ. ಆಮದು ಅರ್ಧಕ್ಕೆ, 6 ಲಕ್ಷ ಟನ್‌ಗೆ ಬರುತ್ತದೆ.

ಒಂದು ಲಕ್ಷ ಟನ್ ಎಂದರೆ ಹತ್ತು ಕೋಟಿ ಕಿಲೋ. ಕಿಲೋಗೆ 10 ರೂಪಾಯಿಯಂತೆ 100 ಕೋಟಿ. ಇದೊಂದು ನೆನಪಿದ್ದರೆ ಉಳಿದದ್ದು ಬಾಯಿಲೆಕ್ಕ. ಕೊಳ್ಳುವವರು ಮೊದಲು 44 ಲಕ್ಷ ತಿನ್ನುತ್ತಿದ್ದರು, ಈಗ 42. ಸರಾಸರಿ 43 ಲಕ್ಷ ಟನ್ ಮೇಲೆ ಹತ್ತು ರೂಪಾಯಿ ಎಂದರೆ ಅವರಿಗಾದ ನಷ್ಟ 4,300 ಕೋಟಿ. ಬೆಳೆಯುವವರದ್ದು 32ರಿಂದ 36, ಸರಾಸರಿ 34. ಅವರಿಗೆ ಲಾಭ 3,400 ಕೋಟಿ. ಸರ್ಕಾರಕ್ಕೆ 6 ಲಕ್ಷ ಟನ್ ಆಮದಿನ ಮೇಲೆ 600 ಕೋಟಿ ಸುಂಕ. ಲಾಭ ಎರಡನ್ನೂ ಕೂಡಿದರೆ 4,000 ಕೋಟಿ. ಕೊಳ್ಳುವವರ ಜೇಬಿನಿಂದ ಹೋದದ್ದು 4,300. ಉಳಿದ 300 ಕೋಟಿ ಎಲ್ಲಿ?

ಎಲ್ಲೂ ಇಲ್ಲ. ಅದು ಯಾರಿಗೂ ಸಿಗದೆ ಹೋದ ದುಡ್ಡು. ಅದರಲ್ಲಿ 200 ಕೋಟಿ ಹೋದದ್ದು ಹೊಲದಲ್ಲಿ. ಬಂದರಿನಲ್ಲಿ 60ಕ್ಕೆ ಸಿಗುವ ಕಾಳನ್ನು ಬೆಳೆಯಲು ನಾವು 62, 65, 69 ರೂಪಾಯಿ ಖರ್ಚು ಮಾಡಿದ್ದೇವೆ. ಜೋಳವೋ ಹತ್ತಿಯೋ ಚೆನ್ನಾಗಿ ಬರುತ್ತಿದ್ದ ಹೊಲವನ್ನು ತೊಗರಿಗೆ ತಿರುಗಿಸಿದ್ದರ ಬೆಲೆ ಅದು. ಇನ್ನು 100 ಕೋಟಿ ಹೋದದ್ದು ಅಡುಗೆಮನೆಯಲ್ಲಿ. 60ಕ್ಕಾದರೆ ಕೊಳ್ಳುತ್ತಿದ್ದ, 70ಕ್ಕೆ ಬೇಡ ಎಂದು ಬಿಟ್ಟ ಆ 2 ಲಕ್ಷ ಟನ್ ಕಾಳಿನ ಲೆಕ್ಕ. ಸಾರು ಸ್ವಲ್ಪ ತೆಳ್ಳಗಾಯಿತು ಅನ್ನಿ. ಆ ಮನೆಯವರಿಗೆ ಅದು ನಷ್ಟ, ಆದರೆ ಅವರು ತಿನ್ನದೆ ಬಿಟ್ಟದ್ದರಿಂದ ಯಾರಿಗೂ ಲಾಭ ಬರಲಿಲ್ಲ.

ಈಗ ಸುಂಕ ತೆಗೆದುಹಾಕಿ, ಬದಲಿಗೆ 6 ಲಕ್ಷ ಟನ್ ಕೋಟಾ ಹಾಕೋಣ. ಬಂದರಿನಲ್ಲಿ ಒಂದು ಪೈಸೆ ಸುಂಕವೂ ಇಲ್ಲ. ಆದರೆ ಮಾಲು ಬರುವುದೇ ಅಷ್ಟು. ಬೇಡಿಕೆ, ಪೂರೈಕೆ ಸರಿಹೋಗುವವರೆಗೆ ಗಂಜ್‌ನಲ್ಲಿ ಬೆಲೆ ಏರುತ್ತದೆ, ಅದು ನಿಲ್ಲುವುದು ಮತ್ತೆ 70ಕ್ಕೆ. ರೈತರಿಗೆ ಅದೇ 3,400 ಕೋಟಿ. ಕೊಳ್ಳುವವರಿಗೆ ಅದೇ 4,300 ಕೋಟಿ ಪೆಟ್ಟು. ಮಣ್ಣುಪಾಲಾದದ್ದೂ ಅದೇ 300. ಬದಲಾದದ್ದು ಒಂದೇ ಒಂದು. ಆ 600 ಕೋಟಿ ಸರ್ಕಾರದ ಖಜಾನೆಗೆ ಬರಲಿಲ್ಲ. 60ಕ್ಕೆ ತಂದು 70ಕ್ಕೆ ಮಾರುವ ಹಕ್ಕು ಯಾರ ಕೈಯಲ್ಲಿದೆಯೋ ಅವರಿಗೆ ಹೋಯಿತು.

ಆ ಹಕ್ಕು ಅಂದರೆ ಲೈಸೆನ್ಸ್. ತೊಗರಿಯ ವಿಷಯದಲ್ಲಿ 2018ರಿಂದ ಅದು ದಾಲ್ ಮಿಲ್‌ಗಳಿಗೆ ಸಿಗುತ್ತಿತ್ತು. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಮಿಲ್‌ನವರಿಂದ ಅರ್ಜಿ ಕರೆದು ಪಾಲು ಹಂಚುತ್ತಿತ್ತು. ಒಂದು ಮಿಲ್‌ಗೆ ಸಾವಿರ ಟನ್ ಪಾಲು ಬಂತು ಎಂದುಕೊಳ್ಳಿ. ಸಾವಿರ ಟನ್ ಎಂದರೆ ಹತ್ತು ಲಕ್ಷ ಕಿಲೋ. ಕಿಲೋಗೆ ಹತ್ತು ರೂಪಾಯಿಯಂತೆ ಒಂದು ಕೋಟಿ ರೂಪಾಯಿ. ಪಕ್ಕದ ಮಿಲ್‌ನವರು ಗಂಜ್‌ನಲ್ಲಿ ಸವಾಲು ಕೂಗಿ 70ಕ್ಕೆ ತೊಗರಿ ಎತ್ತುತ್ತಾರೆ, ಇವರ ಲಾರಿ ಬಂದರಿನಿಂದ 60ರ ಮಾಲು ತರುತ್ತದೆ. ಎರಡೂ ಕಡೆ ನೂರು ಕಿಲೋ ತೊಗರಿ ಒಡೆದರೆ ಬರುವುದು ಎಪ್ಪತ್ತರ ಆಸುಪಾಸು ಬೇಳೆ. ಎರಡೂ ಬೇಳೆ ಒಂದೇ ರೇಟಿಗೆ ಹೋಗುತ್ತದೆ. ಯಾರೂ 'ಇದು ಲೈಸೆನ್ಸಿನ ಬೇಳೆ, ಹತ್ತು ರೂಪಾಯಿ ಕಮ್ಮಿ ತಗೊಳ್ಳಿ' ಅನ್ನುವುದಿಲ್ಲ ಅಲ್ವಾ? ಬೆಲೆ ನಿಂತಿರುವುದು ಮಾಲಿನ ಕೊರತೆಯ ಮೇಲೆ, ತಂದವರ ಖರ್ಚಿನ ಮೇಲಲ್ಲ. 'ಕೋಟಾ ಮಿಲ್‌ಗಳಿಗೆ ಕೊಟ್ಟರೆ ಬೇಳೆ ಅಗ್ಗವಾಗುತ್ತದೆ' ಎಂಬ ವಾದ ನನಗೆ ಯಾವತ್ತೂ ಒಪ್ಪಿಗೆಯಾಗದೆ ಇರುವುದು ಇದಕ್ಕೇ.

ಒಂದು ಕಾಗದಕ್ಕೆ ಒಂದು ಕೋಟಿ ಬೆಲೆ ಇದೆ ಎಂದಾದರೆ ಜನ ಆ ಕಾಗದದ ಹಿಂದೆ ಓಡುತ್ತಾರೆ. ಮಿಲ್‌ನ ಸಾಮರ್ಥ್ಯ ನೋಡಿ ಹಂಚುತ್ತೇವೆ ಎಂದರೆ ಬೇಡದ ಯಂತ್ರ ತಂದು ಕೂರಿಸುತ್ತಾರೆ. ಎಲ್ಲರಿಗೂ ಸಮಪಾಲು ಎಂದರೆ ಒಂದು ಮಿಲ್ ಕಾಗದದ ಮೇಲೆ ಮೂರಾಗುತ್ತದೆ. ಈ ಓಡಾಟದ ಖರ್ಚೂ ದೇಶದ ನಷ್ಟವೇ, ಮೇಲಿನ 300 ಕೋಟಿಯಲ್ಲಿ ಇದು ಸೇರಿಲ್ಲ. 600 ಕೋಟಿ ಗಿಟ್ಟಿಸಲು ಎಲ್ಲರೂ ಸೇರಿ 400 ಕೋಟಿ ಸುರಿದರೆ, ಆ 400ರ ಬಹುಪಾಲು ಸುಮ್ನೆ ಹೋದ ಹಾಗೆ.

ಇದಕ್ಕೆ ಮದ್ದಿಲ್ಲ ಅಂತಲ್ಲ. ಲೈಸೆನ್ಸನ್ನೇ ಹರಾಜು ಹಾಕಬಹುದು. ಹತ್ತು ರೂಪಾಯಿ ಲಾಭ ಇರುವ ಹಕ್ಕಿಗೆ ಜನ ಒಂಬತ್ತೂವರೆ ಕೊಡಲು ತಯಾರಿರುತ್ತಾರೆ, ದುಡ್ಡು ಹೆಚ್ಚುಕಮ್ಮಿ ಪೂರ್ತಿ ಖಜಾನೆಗೆ ವಾಪಸ್ ಬರುತ್ತದೆ. ನ್ಯೂಜಿಲೆಂಡ್ 1980ರ ದಶಕದಲ್ಲಿ ಆಮದು ಲೈಸೆನ್ಸುಗಳನ್ನು ಹೀಗೆ ಟೆಂಡರ್ ಕರೆದು ಮಾರಿತ್ತು. ಕೋಟಾ ಹಾಕಲೇಬೇಕು ಎಂದಾದರೆ ಇದೇ ಒಳ್ಳೆಯ ದಾರಿ ಎಂಬುದು ನನ್ನ ಅನಿಸಿಕೆ. ಆದರೆ ಹಂಚುವ ಅಧಿಕಾರ ಕೈಯಲ್ಲಿರುವವರು ಅದನ್ನು ಹರಾಜಿಗೆ ಬಿಟ್ಟುಕೊಡುವುದು ಕಡಿಮೆ.

ಇನ್ನೂ ಒಂದು ಸಾಧ್ಯತೆ ಇದೆ. ಆ 600 ಕೋಟಿ ದೇಶವನ್ನೇ ಬಿಟ್ಟು ಹೋಗಬಹುದು.

2016ರ ಜುಲೈನಲ್ಲಿ, ಬೇಳೆ ದುಬಾರಿ ಇದ್ದ ಕಾಲದಲ್ಲಿ, ಭಾರತ ಮೊಜಾಂಬಿಕ್ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ವರ್ಷಕ್ಕೆ ಒಂದು ಲಕ್ಷ ಟನ್‌ನಿಂದ ಶುರುಮಾಡಿ, ಐದು ವರ್ಷದಲ್ಲಿ ಎರಡು ಲಕ್ಷ ಟನ್‌ವರೆಗೆ ಅಲ್ಲಿನ ಬೇಳೆಕಾಳು ಕೊಳ್ಳುವ ಮಾತು. ಆ ಹೊತ್ತಿಗೆ ಅದು ಜಾಣತನವೇ. ಆದರೆ ಮರುವರ್ಷ ಕೋಟಾ ಬಂದಾಗ, ಸರ್ಕಾರ-ಸರ್ಕಾರದ ನಡುವಿನ ಈ ಮಾಲನ್ನು ಅದರಿಂದ ಹೊರಗಿಡಲಾಯಿತು. ಅಂದರೆ ಭಾರತದ ಬಾಗಿಲು ಮುಕ್ಕಾಲು ಮುಚ್ಚಿತ್ತು, ಮೊಜಾಂಬಿಕ್‌ಗೆ ಮಾತ್ರ ಒಂದು ಕಿಟಕಿ ತೆರೆದಿತ್ತು. ಇಲ್ಲಿ ಬೆಲೆ 70, ಅಲ್ಲಿನ ಹಳ್ಳಿಯಲ್ಲಿ ತೊಗರಿಗೆ ಬೇರೆ ಗಿರಾಕಿಯೇ ಇಲ್ಲ. ಆ ಕಿಟಕಿಯಲ್ಲಿ ಮಾಲು ತೂರಿಸುವ ಹಕ್ಕು ಅಲ್ಲಿನ ರಫ್ತುದಾರರ ಕೈಯಲ್ಲಿದ್ದರೆ, 60ರ ಮಾಲಿಗೆ ಅವರು 69 ಕೇಳಬಹುದು. ಕೊಳ್ಳುವವರು ಕೊಡಲೇಬೇಕು, ಯಾಕೆಂದರೆ ಬೇರೆ ಕಡೆಯಿಂದ ತರುವಂತಿಲ್ಲ. ಆಗ ನಮ್ಮ ಲೆಕ್ಕದಲ್ಲಿ ದೇಶದ ಒಟ್ಟು ನಷ್ಟ 300 ಕೋಟಿಯಲ್ಲ, 300ಕ್ಕೆ 600 ಸೇರಿ 900 ಕೋಟಿಯವರೆಗೂ ಹೋಗಬಹುದು. ಅದೇ ಬೆಲೆ, ಅದೇ ಆಮದು, ರೈತರಿಗೆ ಅದೇ ಲಾಭ, ಆದರೆ ದೇಶಕ್ಕೆ ಮೂರು ಪಟ್ಟು ನಷ್ಟ. ಲಾಭ ಮೊಜಾಂಬಿಕ್‌ನ ರೈತರಿಗಾದರೂ ಮುಟ್ಟಿತೇ ಎಂದರೆ, ಅದಕ್ಕೂ ಖಾತ್ರಿ ಇಲ್ಲ. ಹಕ್ಕು ಇರುವುದು ಹಡಗು ತುಂಬಿಸುವವರ ಹತ್ತಿರ, ಹೊಲದವರ ಹತ್ತಿರ ಅಲ್ಲ.

ಇಷ್ಟೆಲ್ಲ ಇದ್ದರೂ 2017ರಲ್ಲಿ ಸುಂಕದಿಂದ ಕೋಟಾಗೆ ಯಾಕೆ ಜಿಗಿದರು? ಇದಕ್ಕೆ ಕಾರಣ ತೊಗರಿಯಲ್ಲೇ ಇದೆ. ಗೋಧಿ, ತಾಳೆ ಎಣ್ಣೆಯ ಹಾಗೆ ತೊಗರಿಗೆ ದೊಡ್ಡ ಜಾಗತಿಕ ಮಾರುಕಟ್ಟೆ ಇಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ಮಲಾವಿ, ತಾಂಜಾನಿಯಾಗಳು ರಫ್ತಿಗೆಂದು ತೊಗರಿ ಬೆಳೆಯುವುದು ಬಹುಪಾಲು ನಮಗೋಸ್ಕರ. ಇಲ್ಲಿ ಬಾಗಿಲು ಅರ್ಧ ಮುಚ್ಚಿದರೆ ಅವರಿಗೆ ಆ ಮಾಲನ್ನು ಒಯ್ಯಲು ಬೇರೆ ಬಂದರಿಲ್ಲ. ಹಾಗಾಗಿ ನಾವು ಸುಂಕ ಹಾಕಿದಾಗ ಅವರು ಬೆಲೆ ಇಳಿಸುತ್ತಾರೆ. 60ರ ಮಾಲು 54ಕ್ಕೆ ಬಂದರೆ ಶೇ 10ರ ಸುಂಕ ಸೇರಿದ ಮೇಲೂ 60ರ ಒಳಗೇ. ಗಂಜ್‌ನಲ್ಲಿ ಬೆಲೆ ಕದಲುವುದಿಲ್ಲ. ಸುಂಕದ ಭಾರ ವಿದೇಶಿ ರೈತರೇ ಹೊತ್ತರು, ನಮ್ಮ ಖಜಾನೆಗೆ ದುಡ್ಡು ಬಂತು, ಆದರೆ ಯಾರಿಗೋಸ್ಕರ ಸುಂಕ ಹಾಕಿದರೋ ಆ ಕಲಬುರಗಿ ರೈತರಿಗೆ ಏನೂ ಸಿಗಲಿಲ್ಲ. ದೇಶದ ಒಟ್ಟು ಲೆಕ್ಕದಲ್ಲಿ ಇದು ಕೆಟ್ಟದ್ದಲ್ಲ, ನಿಜ ಹೇಳಬೇಕೆಂದರೆ ಲಾಭವೇ. ರಾಜಕೀಯದ ಲೆಕ್ಕದಲ್ಲಿ ಮಾತ್ರ ಸೋಲು. ಕೋಟಾ ಹಾಗಲ್ಲ. ಅವರು 60ರಿಂದ 40ಕ್ಕೆ ಇಳಿಸಿದರೂ ಒಳಗೆ ಬರುವುದು ಅಷ್ಟೇ ಮಾಲು. ಹೊರಗೆ ಬೆಲೆ ಬಿದ್ದಾಗ ಕೋಟಾ ಗೋಡೆಯಂತೆ ನಿಲ್ಲುತ್ತದೆ, ಸುಂಕ ಬಾಗುತ್ತದೆ. ರೈತ ಸಂಘಗಳು ಕೋಟಾ ಕೇಳುವುದರಲ್ಲಿ ಅರ್ಥವಿದೆ.

ಆದರೆ ಅದೇ ಗೋಡೆ ನಮ್ಮ ಬೆಳೆ ಕೈಕೊಟ್ಟ ವರ್ಷ ನಮ್ಮ ಮೇಲೇ ಬೀಳುತ್ತದೆ. ತೊಗರಿ ಬಿತ್ತುವುದು ಜೂನ್-ಜುಲೈನಲ್ಲಿ, ಕಾಳು ಬರುವುದು ಡಿಸೆಂಬರ್-ಜನವರಿಯಲ್ಲಿ. ನಡುವೆ ನೆಟೆ ರೋಗ ಬಂದರೆ ಹಸಿರಾಗಿ ನಿಂತ ಗಿಡ ಕಾಯಿ ಕಟ್ಟುವ ಹೊತ್ತಿಗೆ ಬುಡದಿಂದ ಒಣಗಿ ನಿಲ್ಲುತ್ತದೆ. 2022ರಲ್ಲಿ ಕಲಬುರಗಿಯ ಹೊಲಗಳಲ್ಲಿ ಆದದ್ದು ಇದೇ. ನವೆಂಬರ್‌ನಲ್ಲಿ ಗಿಡ ಒಣಗಿದ ಮೇಲೆ ಬೆಲೆ ಎಷ್ಟು ಏರಿದರೂ ಆ ವರ್ಷ ಒಂದು ಕಾಳೂ ಜಾಸ್ತಿ ಬರುವುದಿಲ್ಲ.

ನಮ್ಮ ಲೆಕ್ಕಕ್ಕೆ ಇದನ್ನು ತಂದು ನೋಡೋಣ. 36 ಲಕ್ಷ ಟನ್ ಬರಬೇಕಿದ್ದ ಕಡೆ 30 ಬಂತು. ಹತ್ತು ರೂಪಾಯಿ ಸುಂಕವಿದ್ದರೆ ಗಂಜ್‌ನ ಬೆಲೆ 70ರಲ್ಲೇ ನಿಲ್ಲುತ್ತದೆ, ಹಡಗುಗಳು 6ರ ಬದಲು 12 ಲಕ್ಷ ಟನ್ ತರುತ್ತವೆ. 6 ಲಕ್ಷ ಟನ್ ಕೋಟಾ ಇದ್ದರೆ? ಇರುವುದು ಒಟ್ಟು 36 ಲಕ್ಷ ಟನ್. 42 ತಿನ್ನುತ್ತಿದ್ದ ಜನ 36ಕ್ಕೆ ಇಳಿಯುವವರೆಗೆ ಬೆಲೆ ಏರಲೇಬೇಕು. ಹತ್ತು ರೂಪಾಯಿ ಏರಿದರೆ 2 ಲಕ್ಷ ಟನ್ ಬಿಡುವ ಜನ, 6 ಲಕ್ಷ ಬಿಡಬೇಕಾದರೆ 30 ರೂಪಾಯಿ ಏರಬೇಕು. ಬೆಲೆ 100. ಲೈಸೆನ್ಸ್ ಇದ್ದವರು 60ಕ್ಕೆ ತಂದು 100ಕ್ಕೆ ಮಾರುತ್ತಾರೆ. 600 ಕೋಟಿಯ ಜಾಗದಲ್ಲಿ 2,400 ಕೋಟಿ. ಸಾವಿರ ಟನ್ ಪಾಲು ಪಡೆದ ನಮ್ಮ ಮಿಲ್‌ಗೆ ಒಂದು ಕೋಟಿ ಬದಲು ನಾಲ್ಕು. ಬೆಳೆ ಕಳೆದುಕೊಂಡ ರೈತರಿಗೆ ಮಾರಲು ಕಾಳೇ ಇಲ್ಲ, ಮನೆಗೆ ಬೇಳೆ ಕೊಳ್ಳಲು ಅವರೂ ಅದೇ ಅಂಗಡಿಗೆ ಹೋಗಬೇಕು.

ಇಷ್ಟು ಬೇಗ ಬೆಲೆ ಏರಿದರೆ ಯಾವ ಸರ್ಕಾರವೂ ಕೈಕಟ್ಟಿ ಕೂರುವುದಿಲ್ಲ. 2019ರಲ್ಲಿ ತೊಗರಿ ಕೋಟಾವನ್ನು 2 ಲಕ್ಷದಿಂದ 4 ಲಕ್ಷ ಟನ್‌ಗೆ ಏರಿಸಿದ್ದು ಹೀಗೇ. 2021ರ ಮೇ ತಿಂಗಳಲ್ಲಿ ಕೋಟಾವನ್ನೇ ತೆಗೆದರು. 2023ರ ಮಾರ್ಚ್‌ನಲ್ಲಿ, ನೆಟೆ ರೋಗದ ಬೆನ್ನಿಗೇ, ಇಡೀ ತೊಗರಿ ಕಾಳಿನ ಮೇಲಿದ್ದ ಶೇ 10 ಸುಂಕವೂ ಹೋಯಿತು. ಆದರೆ ಕೋಟಾ ಬದಲಾಗುವುದು ದೆಹಲಿಯಲ್ಲಿ ಕಡತ ಓಡಾಡಿ, ಅಧಿಸೂಚನೆ ಬಂದು, ಅರ್ಜಿ ಕರೆದು, ಪಾಲು ಹಂಚಿದ ಮೇಲೆ. ಆಮೇಲೆ ಹಡಗು ಹೊರಡಬೇಕು. ಸುಂಕದ ವ್ಯವಸ್ಥೆಯಲ್ಲಿ ಈ ಕೆಲಸವನ್ನು ಯಾರ ಅಪ್ಪಣೆಗೂ ಕಾಯದೆ ವ್ಯಾಪಾರಿಯ ಫೋನೇ ಮಾಡಿಬಿಡುತ್ತದೆ. ಈ ತಡದಲ್ಲಿ ಇನ್ನೊಂದು ಎಡವಟ್ಟೂ ಇದೆ. ತಡವಾಗಿ ಬಿಟ್ಟ ಕೋಟಾದ ಮಾಲು ಬಂದರಿಗೆ ಇಳಿಯುವ ಹೊತ್ತಿಗೆ ನಮ್ಮ ಹೊಸ ತೊಗರಿಯೂ ಗಂಜ್‌ಗೆ ಬಂದಿರುತ್ತದೆ.

ಕೋಟಾ ಹೇಗೆ ಕೋರ್ಟಿಗೆ ಹೋಗುತ್ತದೆ ಎಂಬುದಕ್ಕೆ ಹಳದಿ ಬಟಾಣಿಯನ್ನು ನೋಡಬೇಕು. 2017ರ ನವೆಂಬರ್‌ನಲ್ಲಿ ಇದಕ್ಕೆ ಶೇ 50 ಸುಂಕ ಬಿತ್ತು. ಅದು ಸಾಲದೆಂದು 2018ರಲ್ಲಿ ಕೋಟಾ ಬಂತು. ಹೊರಗೆ ಅಗ್ಗ, ಒಳಗೆ ದುಬಾರಿ. ನಡುವಿನ ಅಂತರ ದೊಡ್ಡದು. ಹಲವು ಆಮದುದಾರರು ಹೈಕೋರ್ಟ್‌ಗಳಿಗೆ ಹೋಗಿ ಮಧ್ಯಂತರ ಆದೇಶ ತಂದರು, ಅದರ ಬಲದ ಮೇಲೆ ಕೋಟಾ ಮೀರಿ ಮಾಲು ಇಳಿಸಿದರು. ಕೊನೆಗೆ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ನಿರ್ಬಂಧ ಸರಿ ಎಂದು ತೀರ್ಪು ಕೊಟ್ಟಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ವಕೀಲರ ಫೀಸು, ಬಂದರಿನ ಬಾಡಿಗೆ ಎಲ್ಲವೂ ಆ ಅಂತರದ ದುಡ್ಡಿನಿಂದಲೇ ನಡೆಯಿತು. ಸುಂಕ ಕಟ್ಟಿದವರಿಗೆ ಮಾಲು ತರುವ ಹಕ್ಕಿಗಾಗಿ ಕೋರ್ಟ್ ಮೆಟ್ಟಿಲು ಹತ್ತುವ ಕೆಲಸವೇ ಇಲ್ಲ.

ಬಟಾಣಿ ಮತ್ತೊಂದು ಪಾಠವನ್ನೂ ಹೇಳುತ್ತದೆ. ಒಂದು ಕಾಳಿಗೆ ಬೇಲಿ ಹಾಕಿದರೆ ಬೆಲೆ ಇನ್ನೊಂದು ಕಾಳಿನ ದಾರಿಯಲ್ಲಿ ಸೋರುತ್ತದೆ. 2023ರ ಡಿಸೆಂಬರ್‌ನಲ್ಲಿ ಹಳದಿ ಬಟಾಣಿಯನ್ನು ಸುಂಕವಿಲ್ಲದೆ ಬಿಟ್ಟರು. ಹೋಟೆಲುಗಳಲ್ಲಿ, ಹಿಟ್ಟಿನ ಗಿರಣಿಗಳಲ್ಲಿ ಅದು ಕಡಲೆಯ ಜಾಗಕ್ಕೆ ಬಂತು, ಅಗ್ಗದ ಬೇಳೆ ಹುಡುಕುವವರು ತೊಗರಿಯ ಜಾಗಕ್ಕೂ ತಂದರು. 2025ರ ಶುರುವಿನಲ್ಲಿ ತೊಗರಿ ಬೆಲೆ 7,550ರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಾಗ ರೈತರು ಬೈದದ್ದು ತೊಗರಿ ಆಮದನ್ನು ಮಾತ್ರವಲ್ಲ, ಬಟಾಣಿಯನ್ನೂ. 2025ರ ನವೆಂಬರ್ 1ರಿಂದ ಬಟಾಣಿಗೆ ಶೇ 30 ಸುಂಕ ವಾಪಸ್ ಬಂತು. ಈ ಸಲ ಕೋಟಾ ಅಲ್ಲ, ಸುಂಕ.

ಕೊನೆಗೆ ಆ 3,400 ಕೋಟಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಲೆಕ್ಕದಲ್ಲಿ ನಾನು ಅದನ್ನು ಸಲೀಸಾಗಿ 'ಬೆಳೆಯುವವರಿಗೆ' ಎಂದು ಬರೆದೆ. ಆದರೆ ನಾಲ್ಕೆಕರೆಯ ರೈತರು ಜನವರಿಯಲ್ಲಿ ರಾಶಿ ಮಾಡಿ, ಸಾಲ ತೀರಿಸಲು ಫೆಬ್ರುವರಿಯೊಳಗೆ ಮಾರಿಬಿಡುತ್ತಾರೆ. ಆಗಸ್ಟ್‌ನಲ್ಲಿ ಕೋಟಾ ಬಂದರೆ, ಆ ಹೊತ್ತಿಗೆ ಅವರ ತೊಗರಿ ಇರುವುದು ವ್ಯಾಪಾರಿಯ ಗೋದಾಮಿನಲ್ಲಿ. 2017ರಲ್ಲಿ ಕೋಟಾದ ಅಧಿಸೂಚನೆ ಹೊರಬಿದ್ದದ್ದು ಆಗಸ್ಟ್ 5ಕ್ಕೆ. ಆ ದಿನ ಗಂಜ್‌ಗೆ ತರಲು ಎಷ್ಟು ರೈತರ ಮನೆಯಲ್ಲಿ ತೊಗರಿ ಚೀಲ ಉಳಿದಿದ್ದೀತು?